ರಿಕ್ರೂಟರ್ ‘ಗುರುವಾರ ಮೂರಕ್ಕೆ ಒಂದು ಕಾಲ್’ ಅಂದಾಗ ಬರೆಯಬೇಕಾದ ಉತ್ತರ

ಹಾಸನದಲ್ಲಿ ಕೂತು ಬೆಂಗಳೂರಿನ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕೆಲಸ ನನ್ನದು. ಕಾಲ್‌ಗೆ ಕರೆದ ಹುಡುಗ ಹುಡುಗಿಯರಿಂದ ಬರುವ ಉತ್ತರಗಳನ್ನು ದಿನವೂ ಓದುತ್ತೇನೆ. ಹೆಚ್ಚಿನವು ಎರಡೇ ಪದ: ‘ಓಕೆ ಸರ್’. ಇದರಲ್ಲಿ ಮರ್ಯಾದೆ ಇದೆ, ಮಾಹಿತಿ ಇಲ್ಲ. ಯಾವ ದಿನಕ್ಕೆ ಒಪ್ಪಿದರು, ಯಾವ ನಂಬರಿಗೆ ಕರೆಯಬೇಕು, ವಿಡಿಯೊ ಆದರೆ ಅವರಿಗೆ ಆಗುತ್ತದಾ ಅನ್ನುವುದು ಯಾವುದೂ ಗೊತ್ತಾಗುವುದಿಲ್ಲ. ಕಾಲ್ ತಪ್ಪಿಹೋಗುವುದು ಬಹಳ ಸಲ ಇಲ್ಲಿಂದಲೇ ಶುರುವಾಗುತ್ತದೆ.

ನಮ್ಮ ಕಡೆಯವರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಬೆಂಗಳೂರಿನಲ್ಲಿರುವವರಿಗೆ ಫೋನ್ ಕಾಲ್ ಆದರೂ ಒಂದೇ, ವಿಡಿಯೊ ಆದರೂ ಒಂದೇ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ತೋಟದ ಮನೆಯಲ್ಲಿರುವವರಿಗೆ ಹಾಗಲ್ಲ. ಫೋನ್ ಆದರೆ ಮನೆಯಲ್ಲೇ ಸಿಗ್ನಲ್ ಬರುವ ಮೂಲೆಯಲ್ಲಿ ಕೂರಬಹುದು. ವಿಡಿಯೊ ಆದರೆ ಪೇಟೆಗೆ ಹೋಗಬೇಕಾಗಬಹುದು. ಹಾಗಾಗಿ ‘ಕಾಲ್ ಯಾವ ರೀತಿಯದು’ ಅಂತ ಕೇಳುವುದು ಬರೀ ಕುತೂಹಲಕ್ಕಲ್ಲ. ಆ ದಿನ ಎಲ್ಲಿರಬೇಕು ಅನ್ನುವುದು ಆ ಉತ್ತರದ ಮೇಲೆ ನಿಂತಿದೆ.

ಇತ್ತೀಚೆಗೆ ನನ್ನ ಅಕ್ಕನ ಮಗನಿಗೆ ಬಂದ ಮೇಲ್ ಇಟ್ಟುಕೊಂಡೇ ಹೇಳುತ್ತೇನೆ. ಬಿ.ಕಾಂ. ಮುಗಿಸಿ ಚಿಕ್ಕಮಗಳೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡಿದವನು. ಈಗ ಮೂಡಿಗೆರೆ ತಾಲ್ಲೂಕಿನ ಮನೆಯಲ್ಲಿದ್ದಾನೆ. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಮಂಗಳವಾರ ಸಂಜೆ ಮೇಲ್ ಬಂತು. ಇಂಗ್ಲಿಷಿನಲ್ಲಿತ್ತು, ಒಳಗಿದ್ದದ್ದು ಇಷ್ಟೇ: ‘ನಿಮ್ಮ ರೆಸ್ಯೂಮೆ ನೋಡಿದೆವು. ಗುರುವಾರ 3 ಗಂಟೆಗೆ ಒಂದು ಚಿಕ್ಕ ಕಾಲ್‌ನಲ್ಲಿ ಮಾತಾಡೋಣವೇ? ತಿಳಿಸಿ.’ ಕೆಳಗೆ ರಿಕ್ರೂಟರ್ ಮೇಡಂ ಹೆಸರು, ಕಂಪನಿ ಹೆಸರು.

‘ಮಾವ, ಓಕೆ ಮೇಡಂ ಅಂತ ಹಾಕ್ಲಾ?’ ಅಂದ.

‘ತಾಳು. ಮೊದಲು ಅವರು ಏನು ಹೇಳಿಲ್ಲ ಅಂತ ನೋಡು’ ಅಂದೆ.

ಮೊದಲು, ಮೇಲ್‌ನಲ್ಲಿ ಏನಿಲ್ಲ ಅಂತ ಓದಿ

ಇದ್ದದ್ದನ್ನು ಎಲ್ಲರೂ ಓದುತ್ತಾರೆ. ಇಲ್ಲದ್ದನ್ನು ಹುಡುಕಬೇಕು. ಈ ಮೇಲ್‌ನಲ್ಲಿ ವಾರ ಇದೆ, ತಾರೀಖು ಇಲ್ಲ. ಮಂಗಳವಾರ ಸಂಜೆ ಬಂದ ಮೇಲ್‌ನಲ್ಲಿ ‘ಗುರುವಾರ’ ಅಂದರೆ ನಾಡಿದ್ದು ಅಂತಲೇ ಅರ್ಥ ಆಗುತ್ತದೆ. ಆದರೆ ಶುಕ್ರವಾರ ಸಂಜೆ ಬಂದು ನೀವು ಸೋಮವಾರ ಓದಿದ ಮೇಲ್ ಆದರೆ ‘ಮುಂದಿನ ಗುರುವಾರ’ ಯಾವುದು ಅಂತ ಇಬ್ಬರಿಗೂ ಬೇರೆ ಬೇರೆ ತೋಚಬಹುದು. ಕೆಲವು ಸಲ ವಾರಕ್ಕೂ ತಾರೀಖಿಗೂ ಹೊಂದಿಕೆಯೇ ಇರುವುದಿಲ್ಲ. ಹಳೇ ಮೇಲ್ ಕಾಪಿ ಮಾಡಿ ವಾರ ಬದಲಾಯಿಸಿ, ತಾರೀಖು ಹಾಗೇ ಬಿಟ್ಟಿರುತ್ತಾರೆ. ಕ್ಯಾಲೆಂಡರ್ ತೆರೆದು ಒಮ್ಮೆ ತಾಳೆ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಆಮೇಲೆ ‘ಕಾಲ್’ ಅನ್ನುವ ಪದ. ಫೋನಿಗೂ ಕಾಲ್ ಅಂತಾರೆ, ಟೀಮ್ಸ್ ಅಥವಾ ಮೀಟ್‌ನಲ್ಲಿ ಮುಖ ತೋರಿಸಿ ಮಾತಾಡುವುದಕ್ಕೂ ಕಾಲ್ ಅಂತಾರೆ. ‘ಚಿಕ್ಕ’ ಅಂದರೆ ಎಷ್ಟು ಹೊತ್ತು ಅಂತಲೂ ಗೊತ್ತಿಲ್ಲ. ಸಾಮಾನ್ಯವಾಗಿ ರಿಕ್ರೂಟರ್ ಒಬ್ಬರೇ ಮಾಡುವ ಮೊದಲ ಮಾತುಕತೆ ಕಾಲು ಗಂಟೆಯಿಂದ ಅರ್ಧ ಗಂಟೆ ಇರುತ್ತದೆ. ಈಗಿನ ಸಂಬಳ, ನೋಟಿಸ್ ಪೀರಿಯಡ್, ಊರು ಬಿಟ್ಟು ಬರಲು ಒಪ್ಪಿಗೆಯಾ, ಮಾಡಿದ ಕೆಲಸ ಏನು, ಇಂಥವನ್ನು ಕೇಳುತ್ತಾರೆ. ಆದರೆ ಅದೇ ‘ಚಿಕ್ಕ ಕಾಲ್’ಗೆ ಕೆಲಸ ಗೊತ್ತಿರುವ ಮ್ಯಾನೇಜರ್ ಕೂಡ ಬಂದು ಕೂತರೆ ಅದು ಇಂಟರ್‌ವ್ಯೂನೇ. ತಯಾರಿ ಬೇರೆ ಬೇಕು.

ಹಾಗೆ ನೋಡಿದಾಗ ಇವನ ಮೇಲ್‌ನಲ್ಲಿ ಇಲ್ಲದ್ದು ನಾಲ್ಕು: ತಾರೀಖು, ಫೋನಾ ವಿಡಿಯೊನಾ ಅನ್ನುವುದು, ಯಾರು ಮಾತಾಡುತ್ತಾರೆ, ಎಷ್ಟು ಹೊತ್ತು. ಇದರಲ್ಲಿ ತಾರೀಖನ್ನು ಕೇಳಬೇಕಾಗಿಲ್ಲ, ನೀವೇ ಬರೆದರೆ ಸಾಕು. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಉಳಿದ ಮೂರನ್ನು ಕೇಳಬೇಕು.

ಉತ್ತರ ಬರೆಯುವ ಮುಂಚೆ ಆ ಹೊತ್ತು ನಿಜವಾಗಿ ಆಗುತ್ತದಾ ನೋಡಿ

ಒಪ್ಪಿಕೊಂಡು ಆಮೇಲೆ ಬದಲಾಯಿಸುವುದಕ್ಕಿಂತ ಮೊದಲೇ ಬೇರೆ ಹೊತ್ತು ಕೇಳುವುದು ಎಷ್ಟೋ ಮೇಲು. ಇನ್ನೊಂದು ಕಡೆ ಕೆಲಸದಲ್ಲಿದ್ದರೆ ಮಧ್ಯಾಹ್ನ ಮೂರಕ್ಕೆ ಆಫೀಸಿನಿಂದ ಹೊರಗೆ ಬರಲು ಆಗುತ್ತದಾ? ಬಂದರೂ ನಿಂತು ಮಾತಾಡಲು ಸದ್ದಿಲ್ಲದ ಜಾಗ ಇದೆಯಾ? ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಮಾತಾಡಿದರೆ ಅತ್ತ ಕಡೆಯವರಿಗೆ ಬಸ್ಸಿನ ಹಾರ್ನ್ ಬಿಟ್ಟು ಬೇರೇನೂ ಕೇಳುವುದಿಲ್ಲ.

ಮಳೆಗಾಲದಲ್ಲಿ ಮಲೆನಾಡಿನವರು ಕರೆಂಟಿನ ಲೆಕ್ಕವನ್ನೂ ಹಾಕಬೇಕು. ಮರ ಬಿದ್ದು ಲೈನ್ ಹೋದರೆ ವೈಫೈ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದರೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ. ಲೈನ್ ರಿಪೇರಿಗೆ ಮೊದಲೇ ಹೇಳಿ ಕರೆಂಟ್ ತೆಗೆಯುವ ದಿನಗಳೂ ಇರುತ್ತವೆ. ಚಿಕ್ಕಮಗಳೂರು ಜಿಲ್ಲೆಯವರಾದರೆ ಮೆಸ್ಕಾಂ, ಹಾಸನದವರಾದರೆ ಸೆಸ್ಕ್ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡಿ, ಇಲ್ಲದಿದ್ದರೆ ನಿಮ್ಮ ಲೈನ್‌ಮನ್‌ಗೆ ಒಂದು ಫೋನ್ ಮಾಡಿ. ಅಂಥ ದಿನವೇ ಕಾಲ್ ಇದ್ದರೆ ಈಗಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ?

ಕಾಲ್ ಮಾಡುವವರು ಬೇರೆ ದೇಶದಲ್ಲಿದ್ದರೆ ಗಂಟೆಯ ಜೊತೆ ಯಾವ ದೇಶದ ಸಮಯ ಅಂತಲೂ ನೋಡಿ. ಲಂಡನ್ನಿನವರು ಬೆಳಿಗ್ಗೆ 10 ಅಂದರೆ ನಮಗೆ ಅಲ್ಲಿನ ಬೇಸಿಗೆ ತಿಂಗಳುಗಳಲ್ಲಿ ಮಧ್ಯಾಹ್ನ 2:30, ಚಳಿಗಾಲದಲ್ಲಿ 3:30. ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಯಿಸುತ್ತಾರೆ, ನಾವು ಬದಲಾಯಿಸುವುದಿಲ್ಲ. ಹಾಗಾಗಿ ಉತ್ತರದಲ್ಲಿ ‘ಭಾರತೀಯ ಸಮಯ 2:30’ ಅಂತ ಬಿಡಿಸಿ ಬರೆಯಿರಿ.

ಉತ್ತರ

ಹೊಸ ಮೇಲ್ ಶುರು ಮಾಡಬೇಡಿ. ಅವರು ಕಳಿಸಿದ ಮೇಲ್‌ಗೇ ಉತ್ತರ ಕೊಡಿ, ವಿಷಯದ ಸಾಲನ್ನು ಮುಟ್ಟಬೇಡಿ. ಒಂದು ದಿನಕ್ಕೆ ಹತ್ತಾರು ಜನರ ಜೊತೆ ಮಾತಾಡುವ ರಿಕ್ರೂಟರ್‌ಗೆ ಹಳೆಯ ಮೇಲ್ ಕೆಳಗೇ ಇದ್ದರೆ ನೀವು ಯಾರು, ಯಾವ ಹುದ್ದೆ ಅಂತ ಹುಡುಕುವ ಕೆಲಸ ಇರುವುದಿಲ್ಲ. ಮೇಲ್‌ನಲ್ಲಿ ಅವರ ಸಹೋದ್ಯೋಗಿಗಳನ್ನೂ ಸೇರಿಸಿದ್ದರೆ `Reply all` ಒತ್ತಿ, ಯಾಕೆಂದರೆ ಕಾಲ್‌ಗೆ ಲಿಂಕ್ ಮಾಡುವವರು ಅವರೇ ಆಗಿರಬಹುದು. ಅವರು ಬರೆದ ಭಾಷೆಯಲ್ಲೇ ಬರೆಯಿರಿ. ವಾಕ್ಯಗಳು ಚಿಕ್ಕದಿದ್ದರೆ ಇಂಗ್ಲಿಷ್ ಕಷ್ಟ ಅನ್ನಿಸುವವರಿಗೂ ತೊಡಕಾಗುವುದಿಲ್ಲ.

ಅಕ್ಕನ ಮಗ ಕೊನೆಗೆ ಕಳಿಸಿದ ಉತ್ತರ ಕನ್ನಡದಲ್ಲಿ ಹೀಗಾಗುತ್ತದೆ:

> ನಮಸ್ಕಾರ ಮೇಡಂ,
>
> ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ನನ್ನನ್ನು ಪರಿಗಣಿಸಿದ್ದಕ್ಕೆ ಧನ್ಯವಾದ. ಜೂನ್ 18, ಗುರುವಾರ, ಮಧ್ಯಾಹ್ನ 3 ಗಂಟೆ ನನಗೆ ಅನುಕೂಲ.
>
> ತಯಾರಾಗಿರಲು ಎರಡು ವಿಷಯ ತಿಳಿಸುವಿರಾ?
>
> 1. ಇದು ಫೋನ್ ಕಾಲೋ, ವಿಡಿಯೊ ಕಾಲೋ?
>
> 2. ನಿಮ್ಮ ಜೊತೆ ಅಕೌಂಟ್ಸ್ ವಿಭಾಗದವರೂ ಇರುತ್ತಾರಾ? ಸುಮಾರು ಎಷ್ಟು ಹೊತ್ತು ಆಗಬಹುದು?
>
> ಬೇರೆ ಸೂಚನೆ ಬರದಿದ್ದರೆ ಆ ಹೊತ್ತಿಗೆ ನನ್ನ ಈ ನಂಬರಿನಲ್ಲಿ ನಿಮ್ಮ ಕರೆಗೆ ಕಾಯುತ್ತಿರುತ್ತೇನೆ: (ಹತ್ತು ಅಂಕಿಯ ನಂಬರು)
>
> ಇಂತಿ,
>
> (ಹೆಸರು)

ಇದರಲ್ಲಿ ಒಪ್ಪಿಗೆ ಮೊದಲು ಬಂದಿದೆ, ಪ್ರಶ್ನೆ ಆಮೇಲೆ. ಈ ಕ್ರಮ ತಿರುಗಿಸಬೇಡಿ. ಪ್ರಶ್ನೆಗಳಿಂದ ಶುರು ಮಾಡಿದರೆ, ಉತ್ತರ ಸಿಕ್ಕಿದ ಮೇಲೆ ಬರುವುದೋ ಬೇಡವೋ ಅಂತ ಯೋಚಿಸುತ್ತೀರಿ ಅನ್ನುವ ಭಾವನೆ ಬರುತ್ತದೆ. ಫೋನಿನಲ್ಲಿ ಅರ್ಧ ಮೇಲ್ ಮಾತ್ರ ಕಣ್ಣಿಗೆ ಬೀಳುತ್ತದೆ, ಆ ಅರ್ಧದಲ್ಲಿ ತಾರೀಖು, ವಾರ, ಗಂಟೆ ಇರಬೇಕು.

ಪ್ರಶ್ನೆಗಳನ್ನು ಅವರು ಒಂದು ಪದದಲ್ಲಿ ಉತ್ತರಿಸುವ ಹಾಗೆ ಕೇಳಿದ್ದಾನೆ. ಅವನು ಮೊದಲು ಬರೆದದ್ದು ‘ಇಂಟರ್‌ವ್ಯೂ ಪ್ರಕ್ರಿಯೆಯ ಬಗ್ಗೆ ವಿವರ ತಿಳಿಸಿ’ ಅಂತ. ಅದಕ್ಕೆ ಉತ್ತರಿಸಲು ಮೇಡಂ ಒಂದು ಪ್ಯಾರಾ ಟೈಪ್ ಮಾಡಬೇಕು. ಬಿಡುವಾದಾಗ ಬರೆಯೋಣ ಅಂತ ಇಟ್ಟರೆ ಅಲ್ಲೇ ಉಳಿಯುತ್ತದೆ. ‘ಫೋನೋ, ವಿಡಿಯೊನೋ’ ಅಂದರೆ ಮೀಟಿಂಗಿಗೆ ನಡೆದು ಹೋಗುತ್ತಾ ‘ವಿಡಿಯೊ’ ಅಂತ ಕಳಿಸಬಹುದು.

ಇನ್ನು ‘ಬೇರೆ ಸೂಚನೆ ಬರದಿದ್ದರೆ’ ಅನ್ನುವ ವಾಕ್ಯ. ಇಡೀ ಮೇಲ್‌ನಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದೇ. ಅವರು ಉತ್ತರ ಕೊಡದೇ ಇದ್ದರೂ ಏನಾಗಬೇಕು ಅಂತ ಆಗಲೇ ತೀರ್ಮಾನವಾಗಿದೆ. ಮೂರು ಗಂಟೆಗೆ, ಈ ನಂಬರಿಗೆ. ಇದಿಲ್ಲದಿದ್ದರೆ ಅವರು ಉತ್ತರಿಸಿಲ್ಲ ಅಂತ ನೀವು ಕಾಯುತ್ತೀರಿ, ನೀವು ಒಪ್ಪಿದ್ದೀರಿ ಅಂತ ಅವರು ಕಾಯುತ್ತಾರೆ.

ಎಷ್ಟು ಪ್ರಶ್ನೆ ಕೇಳಬಹುದು? ಉತ್ತರ ಬಂದರೆ ನೀವು ಮಾಡುವ ಕೆಲಸ ಬದಲಾಗುವಂಥವು ಮಾತ್ರ. ಫೋನಾ ವಿಡಿಯೊನಾ ಅನ್ನುವುದರಿಂದ ಜಾಗ ಬದಲಾಗುತ್ತದೆ. ಯಾರು ಬರುತ್ತಾರೆ ಅನ್ನುವುದರಿಂದ ಓದಿಕೊಳ್ಳುವುದು ಬದಲಾಗುತ್ತದೆ. ಸಾಫ್ಟ್‌ವೇರ್ ಕೆಲಸವಾದರೆ ಕೋಡ್ ಬರೆಸುತ್ತಾರಾ, ಅಕೌಂಟ್ಸ್ ಆದರೆ ಟ್ಯಾಲಿ ಅಥವಾ ಎಕ್ಸೆಲ್‌ನಲ್ಲಿ ಏನಾದರೂ ಮಾಡಿ ತೋರಿಸಬೇಕಾ ಅಂತಲೂ ಕೇಳಬಹುದು, ಏಕೆಂದರೆ ಸ್ಕ್ರೀನ್ ತೋರಿಸಲು ಲ್ಯಾಪ್‌ಟಾಪ್ ಬೇಕು. ಸಂಬಳ ಎಷ್ಟು, ರಜೆ ಎಷ್ಟು, ಮನೆಯಿಂದ ಕೆಲಸ ಮಾಡಬಹುದಾ ಅನ್ನುವುದು ಈ ಮೇಲ್‌ಗೆ ಬೇಡ. ಅವು ಕೇಳಬಾರದ ಪ್ರಶ್ನೆಗಳಲ್ಲ. ಆ ಕಾಲ್ ಇರುವುದೇ ಅವನ್ನೆಲ್ಲ ಮಾತಾಡುವುದಕ್ಕೆ. ‘ಏನೇನು ಪ್ರಶ್ನೆ ಕೇಳುತ್ತೀರಿ’ ಅಂತ ಮಾತ್ರ ಎಲ್ಲೂ ಬರೆಯಬೇಡಿ.

ಉತ್ತರ ಅದೇ ದಿನ ಹೋಗಲಿ. ಸಂಜೆ ಬಂದ ಮೇಲ್ ಆದರೆ ಮರುದಿನ ಬೆಳಿಗ್ಗೆ ಹತ್ತರೊಳಗೆ ಸಾಕು. ಅದಕ್ಕಿಂತ ತಡವಾದರೆ ಆ ಹೊತ್ತನ್ನು ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ.

ಆ ಹೊತ್ತು ಆಗದಿದ್ದರೆ

‘ಗುರುವಾರ ಆಗುವುದಿಲ್ಲ, ಬೇರೆ ದಿನ ಹೇಳಿ’ ಅಂದರೆ ಕೆಲಸ ಮತ್ತೆ ಅವರ ತಲೆಗೆ ಹೋಯಿತು. ನೀವೇ ಎರಡು ಹೊತ್ತು ಕೊಡಿ: ‘ಗುರುವಾರ 3ಕ್ಕೆ ಕೆಲಸದಲ್ಲಿರುತ್ತೇನೆ, ಕ್ಷಮಿಸಿ. ಗುರುವಾರ ಸಂಜೆ 5:30 ಅಥವಾ ಶುಕ್ರವಾರ (ಜೂನ್ 19) ಮಧ್ಯಾಹ್ನ 1:30 ನಿಮಗೆ ಆಗುತ್ತದಾ?’ ಕಾರಣ ಒಂದು ಸಾಲಿಗಿಂತ ಜಾಸ್ತಿ ಬೇಡ. ಎರಡರಲ್ಲಿ ಒಂದಾದರೂ ಅವರ ಆಫೀಸ್ ಹೊತ್ತಿನಲ್ಲಿರಲಿ. ಎರಡೂ ರಾತ್ರಿ ಎಂಟರ ಮೇಲಾದರೆ ಒಪ್ಪಿಕೊಳ್ಳುವವರು ಕಡಿಮೆ.

ಕಾಲ್ ಅಲ್ಲದೆ ನೇರವಾಗಿ ಬೆಂಗಳೂರಿನ ಆಫೀಸಿಗೇ ಬನ್ನಿ ಅಂದರೆ ಲೆಕ್ಕ ಬೇರೆ. ಹಾಸನದಿಂದ ಸುಮಾರು 180 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಅದಕ್ಕಿಂತಲೂ ದೂರ, ಊರೊಳಗಿನ ಟ್ರಾಫಿಕ್ ಬೇರೆ. ‘ನಾನು ಚಿಕ್ಕಮಗಳೂರಿನಿಂದ ಬರುತ್ತಿರುವುದರಿಂದ ಮಧ್ಯಾಹ್ನ 12ರ ನಂತರದ ಹೊತ್ತು ಸಿಕ್ಕರೆ ಅನುಕೂಲ’ ಅಂತ ಕೇಳಲು ಸಂಕೋಚ ಬೇಡ, ದೂರದಿಂದ ಬರುವವರಿಗೆ ಬಹಳ ಜನ ಹೊಂದಿಸಿಕೊಡುತ್ತಾರೆ. ಆಗ ಪೂರ್ತಿ ವಿಳಾಸ, ಗೇಟಿನಲ್ಲಿ ಯಾರ ಹೆಸರು ಹೇಳಬೇಕು, ಒಂದೇ ದಿನದಲ್ಲಿ ಎಷ್ಟು ಸುತ್ತು ಮುಗಿಯುತ್ತದೆ ಅನ್ನುವ ಮೂರನ್ನು ಕೇಳಿಕೊಳ್ಳಿ. ಕೊನೆಯದು ಗೊತ್ತಿಲ್ಲದೆ ವಾಪಸ್ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ.

ಕ್ಯಾಲೆಂಡರ್ ಇನ್ವೈಟ್ ಬಂದರೆ

ಬುಧವಾರ ಬೆಳಿಗ್ಗೆ ಮೇಡಂ ಉತ್ತರ ಬಂತು: ‘ಟೀಮ್ಸ್ ವಿಡಿಯೊ, ಅರ್ಧ ಗಂಟೆ, ಅಕೌಂಟ್ಸ್ ಮ್ಯಾನೇಜರ್ ಕೂಡ ಇರುತ್ತಾರೆ.’ ಹಿಂದೆಯೇ ಕ್ಯಾಲೆಂಡರ್ ಇನ್ವೈಟ್. ಅದರಲ್ಲಿ `Yes`, `Maybe`, `No` ಅಂತ ಬಟನ್ ಇರುತ್ತವೆ, ಕೆಲವು ಮೇಲ್‌ಗಳಲ್ಲಿ `Accept` ಅಂತ ಇರುತ್ತದೆ. ಒಪ್ಪಿಗೆ ಇದ್ದರೆ `Yes` ಒತ್ತಿ. `Maybe` ಒತ್ತಿ ಸುಮ್ನೆ ಇರಬೇಡಿ, ಬರುವುದು ಅನುಮಾನ ಅಂತ ಅರ್ಥವಾಗುತ್ತದೆ.

ಆದರೆ ಬಟನ್ ಒಂದನ್ನೇ ನಂಬಬೇಡಿ. ಎಷ್ಟೋ ಕಂಪನಿಗಳಲ್ಲಿ ಇನ್ವೈಟ್ ಕಳಿಸುವುದು ರಿಕ್ರೂಟರ್ ಅಲ್ಲ, ಅವರ ನೇಮಕಾತಿ ಸಾಫ್ಟ್‌ವೇರ್. ನೀವು `Yes` ಒತ್ತಿದ್ದು ಆ ವಿಳಾಸಕ್ಕೆ ಹೋಗಿ ಕೂತಿರುತ್ತದೆ, ರಿಕ್ರೂಟರ್ ಕಣ್ಣಿಗೆ ಬೀಳದೆಯೂ ಇರಬಹುದು. ಮೇಲ್‌ಗೂ ಒಂದು ಸಾಲು ಹಾಕಿ: ‘ಇನ್ವೈಟ್ ಸಿಕ್ಕಿತು, ಒಪ್ಪಿಕೊಂಡಿದ್ದೇನೆ. ಜೂನ್ 18, ಮಧ್ಯಾಹ್ನ 3ಕ್ಕೆ ಲಿಂಕ್‌ನಲ್ಲಿ ಸಿಗುತ್ತೇನೆ.’ ಇನ್ವೈಟ್‌ನಲ್ಲಿರುವ ಗಂಟೆಯೂ ಮೇಲ್‌ನಲ್ಲಿದ್ದ ಗಂಟೆಯೂ ಒಂದೇನಾ ಅಂತ ನೋಡಿ. ಕ್ಯಾಲೆಂಡರ್ ನಿಮ್ಮ ಫೋನಿನ ಟೈಮ್ ಝೋನ್‌ಗೆ ತಕ್ಕಂತೆ ಗಂಟೆ ತೋರಿಸುತ್ತದೆ. ಎರಡೂ ಬೇರೆ ಇದ್ದರೆ ಊಹೆ ಮಾಡಬೇಡಿ, ‘ಇನ್ವೈಟ್‌ನಲ್ಲಿ 3:30 ಅಂತಿದೆ, ಮೇಲ್‌ನಲ್ಲಿ 3 ಅಂತಿತ್ತು, ಯಾವುದು ಸರಿ?’ ಅಂತ ಕೇಳಿಬಿಡಿ.

ವಿಡಿಯೊ ಅಂತ ಗೊತ್ತಾದ ಕೂಡಲೇ ಅಕ್ಕನ ಮಗನ ಗುರುವಾರದ ಯೋಜನೆ ಬದಲಾಯಿತು. ಮನೆಯಲ್ಲಿ ವಿಡಿಯೊ ನಿಲ್ಲುವುದಿಲ್ಲ. ಬೆಳಿಗ್ಗೆ ಬಸ್ಸಿಗೆ ಚಿಕ್ಕಮಗಳೂರಿಗೆ ಹೋಗಿ ಗೆಳೆಯನ ರೂಮಿನಲ್ಲಿ ಕೂರುವುದು ಅಂತಾಯಿತು. ಮ್ಯಾನೇಜರ್ ಬರುತ್ತಾರೆ ಅಂತ ತಿಳಿದದ್ದರಿಂದ ಬುಧವಾರ ಸಂಜೆ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ರಿಕನ್ಸಿಲಿಯೇಷನ್ ಮೇಲೆ ಕಣ್ಣಾಡಿಸಿದ. ಟೀಮ್ಸ್ ಲಿಂಕ್ ಒಮ್ಮೆ ತೆರೆದು, ಲ್ಯಾಪ್‌ಟಾಪಿನ ಮೈಕ್, ಕ್ಯಾಮೆರಾ ಕೆಲಸ ಮಾಡುತ್ತದಾ ಅಂತ ನೋಡಿದ.

ಫೋನ್ ಕಾಲ್ ಆದರೆ ಈ ಒಂದು ಸೆಟ್ಟಿಂಗ್ ನೋಡಿ

ಈಗಿನ ಫೋನ್‌ಗಳಲ್ಲಿ ಸೇವ್ ಮಾಡದ ನಂಬರಿನಿಂದ ಬಂದ ಕರೆಯನ್ನು ಸದ್ದಿಲ್ಲದೆ ಬದಿಗೆ ತಳ್ಳುವ ಸೌಲಭ್ಯ ಇದೆ. ಸ್ಪ್ಯಾಮ್ ಕಾಟಕ್ಕೆ ಅದನ್ನು ಹಾಕಿಕೊಂಡು ಮರೆತಿರುತ್ತೇವೆ. ರಿಕ್ರೂಟರ್ ಕರೆ ಬರುವುದೇ ಗೊತ್ತಿಲ್ಲದ ನಂಬರಿನಿಂದ, ಬಹಳ ಸಲ 080 ಲ್ಯಾಂಡ್‌ಲೈನ್‌ನಿಂದ. ಫೋನ್ ರಿಂಗ್ ಆಗುವುದೇ ಇಲ್ಲ, ಆಮೇಲೆ ನೋಡಿದರೆ ಮಿಸ್ಡ್ ಕಾಲ್. ತಿರುಗಿ ಕರೆದರೆ ಕಂಪನಿಯ ಬೋರ್ಡ್ ನಂಬರು, ‘ಎಕ್ಸ್‌ಟೆನ್ಶನ್ ಒತ್ತಿ’ ಅನ್ನುತ್ತದೆ. ಹಾಗಾಗಿ ಆ ದಿನಕ್ಕೆ ಸ್ಪ್ಯಾಮ್ ತಡೆ, ಡಿಸ್ಟರ್ಬ್ ಮಾಡಬೇಡಿ ಅನ್ನುವ ಮೋಡ್ ಎರಡನ್ನೂ ತೆಗೆದಿಡಿ. ಉತ್ತರದಲ್ಲೇ ‘ಲೈನ್ ಕಟ್ಟಾದರೆ ನಾನು ಕರೆಯಬಹುದಾದ ನಂಬರ್ ಯಾವುದು?’ ಅಂತ ಕೇಳಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಸಿಗ್ನಲ್ ಇಲ್ಲ, ಆದರೆ ಫೈಬರ್ ಇಂಟರ್ನೆಟ್ ಇದೆ ಅನ್ನುವವರು ಫೋನಿನ ಸೆಟ್ಟಿಂಗ್‌ನಲ್ಲಿ `Wi-Fi Calling` ಹುಡುಕಿ. ಜಿಯೋ, ಏರ್‌ಟೆಲ್ ಸಿಮ್ ಇದ್ದು ಫೋನ್ ಒಪ್ಪಿದರೆ ಮಾಮೂಲಿ ಕರೆಯೇ ವೈಫೈ ಮೂಲಕ ಬರುತ್ತದೆ. ಹಿಂದಿನ ದಿನವೇ ಮನೆಯವರಿಂದ ಒಂದು ಕರೆ ಮಾಡಿಸಿ ಪರೀಕ್ಷಿಸಿ. ಕರೆಂಟ್ ಹೋದರೆ ವೈಫೈ ಪೆಟ್ಟಿಗೆಯೂ ಆರುತ್ತದೆ ಅನ್ನುವುದು ನೆನಪಿರಲಿ. ಯುಪಿಎಸ್ ಇಲ್ಲದ ಮನೆಯಲ್ಲಿ ಇದೊಂದನ್ನೇ ನಂಬಿ ಕೂರುವಂತಿಲ್ಲ.

ಉತ್ತರವೇ ಬರದಿದ್ದರೆ, ಅಥವಾ ವಿಚಿತ್ರ ಉತ್ತರ ಬಂದರೆ

ಕಾಲ್ ಇರುವ ದಿನ ಬೆಳಿಗ್ಗೆಯವರೆಗೂ ಏನೂ ಬರದಿದ್ದರೆ ಹಳೇ ಪ್ರಶ್ನೆಗಳನ್ನೆಲ್ಲ ಮತ್ತೆ ಬರೆಯಬೇಡಿ. ಅದೇ ಮೇಲ್ ಕೆಳಗೆ ಒಂದೇ ಸಾಲು: ‘ಇಂದು ಮಧ್ಯಾಹ್ನ 3 ಗಂಟೆಗೆ ಫೋನಿನಲ್ಲಿ ಸಿದ್ಧನಿರುತ್ತೇನೆ. ವಿಡಿಯೊ ಆದರೆ ದಯವಿಟ್ಟು ಲಿಂಕ್ ಕಳಿಸಿ.’ ಜೊತೆಗೆ ವಿಡಿಯೊ ಆದರೂ ನಡೆಯುವ ಜಾಗದಲ್ಲೇ ಕೂತಿರಿ. ಪೇಟೆಗೆ ಹೋಗಿ ಬರುವ ಬಸ್ ಚಾರ್ಜು ಆ ದಿನ ದಂಡ ಅಲ್ಲ.

ಫೋನಾ ವಿಡಿಯೊನಾ ಅಂತ ಕೇಳಿದ್ದಕ್ಕೆ ‘ಟೆಲಿಗ್ರಾಂ ಚಾಟ್‌ನಲ್ಲೇ ಇಂಟರ್‌ವ್ಯೂ’, ‘ಮೊದಲು ರಿಜಿಸ್ಟ್ರೇಷನ್ ಫೀಸು ಕಟ್ಟಿ’, ‘ಲ್ಯಾಪ್‌ಟಾಪಿಗೆ ಡಿಪಾಸಿಟ್ ಹಾಕಿ’ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಕೆಲಸ ಕೊಡುವ ಕಂಪನಿ ಇಂಟರ್‌ವ್ಯೂಗೆ ದುಡ್ಡು ಕೇಳುವುದಿಲ್ಲ. ಮೇಲ್ ಬಂದ ವಿಳಾಸದಲ್ಲಿ @ ಆದ ಮೇಲಿನ ಹೆಸರು ಕಂಪನಿಯ ವೆಬ್‌ಸೈಟ್ ಹೆಸರಿಗೆ ಹೊಂದುತ್ತದಾ ನೋಡಿ. ಹೊರಗಿನ ಏಜೆನ್ಸಿಯವರು ಕರೆದಿದ್ದರೆ ಹೊಂದದೆಯೂ ಇರಬಹುದು. ಆಗ ಯಾವ ಕಂಪನಿಗೆ ಅಂತ ಕೇಳಿ, ಆ ಕಂಪನಿಯ ವೆಬ್‌ಸೈಟಿನಲ್ಲಿ ಹುದ್ದೆ ಇದೆಯಾ ನೋಡಿಕೊಳ್ಳಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಮೂರು ಗಂಟೆಗೆ

ವಿಡಿಯೊ ಆದರೆ ಐದು ನಿಮಿಷ ಮುಂಚೆ ಲಿಂಕ್ ತೆರೆದು ಕೂರಿ. ಒಳಗೆ ಬಿಡುವವರೆಗೆ ಕಾಯಿರಿ ಅಂತ ಸ್ಕ್ರೀನ್ ತೋರಿಸುತ್ತದೆ, ಅದು ತೊಂದರೆ ಅಲ್ಲ. ಹತ್ತು ನಿಮಿಷ ಕಳೆದರೂ ಯಾರೂ ಬರದಿದ್ದರೆ, ಅಥವಾ ಫೋನ್ ಬರದಿದ್ದರೆ, ಅದೇ ಮೇಲ್‌ಗೆ ‘ಮೇಡಂ, 3 ಗಂಟೆಯಿಂದ ಲಿಂಕ್‌ನಲ್ಲಿದ್ದೇನೆ. ನಿಮಗೆ ಬೇರೆ ಹೊತ್ತು ಅನುಕೂಲ ಅಂದರೆ ಇಂದು ಸಂಜೆ 6ರವರೆಗೂ ಸಿಗುತ್ತೇನೆ’ ಅಂತ ಹಾಕಿ. ಅವರ ಹಿಂದಿನ ಕಾಲ್ ಉದ್ದವಾಗಿರುವುದು ಮಾಮೂಲು. ಅರ್ಧ ಗಂಟೆ ಕಾದ ಮೇಲೆ ಲಿಂಕ್ ಮುಚ್ಚಬಹುದು, ಫೋನ್ ಮಾತ್ರ ಕೈಯಲ್ಲೇ ಇರಲಿ.

ನಿಮ್ಮ ಕಡೆಯೇ ಕರೆಂಟೋ ನೆಟ್‌ವರ್ಕೋ ಕೈಕೊಟ್ಟರೆ ಎಸ್ಸೆಮ್ಮೆಸ್ ಕಳಿಸಿ. ಇಂಟರ್ನೆಟ್ ಇಲ್ಲದಾಗ ವಾಟ್ಸಾಪೂ ಹೋಗುವುದಿಲ್ಲ, ಮೇಲೂ ಹೋಗುವುದಿಲ್ಲ, ಒಂದೇ ಒಂದು ಕಡ್ಡಿ ಸಿಗ್ನಲ್ ಇದ್ದರೂ ಎಸ್ಸೆಮ್ಮೆಸ್ ಹೋಗುವ ಸಾಧ್ಯತೆ ಜಾಸ್ತಿ. ‘ಇಲ್ಲಿ ಕರೆಂಟ್ ಹೋಗಿದೆ, ಹತ್ತು ನಿಮಿಷದಲ್ಲಿ ಫೋನಿನಿಂದ ಸೇರುತ್ತೇನೆ’ ಅಂತ ಹೆಸರು ಸಮೇತ ಬರೆಯಿರಿ. ಇದಕ್ಕೆ ರಿಕ್ರೂಟರ್‌ರ ಮೊಬೈಲ್ ನಂಬರ್ ಬೇಕು. ಅವರ ಮೇಲ್‌ನ ಕೆಳಗೆ ಇದ್ದರೆ ಬುಧವಾರವೇ ಸೇವ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಇನ್ವೈಟ್ ಒಪ್ಪಿಕೊಂಡ ಮೇಲ್‌ನಲ್ಲೇ ಕೇಳಿಬಿಡಿ.